ಬಾಡಿಗೆ ಬಾಕಿ ಅಂತ ಹೊಲಿಗೆ ಮಷೀನ್ ಎತ್ತಿಟ್ಕೊಂಡಿದ್ದು: ನಿಟುವಳ್ಳಿ ಕಡೆಯ ಒಂದು ಪ್ರಕರಣ

ಬಾಡಿಗೆ ಕೊಡದೇ ಇರೋರ ಸಾಮಾನನ್ನ ಮನೆ ಓನರ್ ಹಿಡಿದಿಟ್ಕೊಬಹುದಾ ಅಂತ ಕೇಳ್ಕೊಂಡು ಬರೋರು ದಾವಣಗೆರೆಯಲ್ಲಿ ಕಮ್ಮಿ ಇಲ್ಲ. ಆದ್ರೆ ಬಹಳಷ್ಟು ಜನ ಕೇಳೋ ಹೊತ್ತಿಗೆ ಬೀಗ ಹಾಕಿ ಆಗಿರುತ್ತೆ. ಈ ಪ್ರಕರಣದಲ್ಲೂ ಹಂಗೇ ಆಗಿತ್ತು. ಎರಡೂ ಕಡೆಯವರ ಹೆಸರು, ಮನೆ ಯಾವ ಕ್ರಾಸು ಅನ್ನೋದು ಬಿಟ್ಟು ಉಳಿದಿದ್ದನ್ನ ಪೂರ್ತಿ ಬರೀತೀನಿ, ಯಾಕಂದ್ರೆ ಇದ್ರಲ್ಲಿ ಓನರ್ ಕೆಟ್ಟೋರಲ್ಲ, ಬಾಡಿಗೆಗಿದ್ದೋರು ಮೋಸಗಾರರೂ ಅಲ್ಲ, ಆದ್ರೂ ವಿಷಯ ಪೊಲೀಸ್ ಸ್ಟೇಷನ್ ತನಕ ಹೋಯ್ತು.

ಓನರ್ ಅಂದ್ರೆ ರಿಟೈರ್ ಆದ ಮೇಷ್ಟ್ರು. ನಿಟುವಳ್ಳಿ ಕಡೆ ಕೆಳಗಡೆ ಮನೆ ಬಾಡಿಗೆಗೆ ಕೊಟ್ಟು ಮೇಲೆ ತಾವು ಇದ್ರು. ಕೆಳಗೆ ಇದ್ದಿದ್ದು ಒಬ್ರು ಟೈಲರ್, ಬೀದಿಯವರೆಲ್ಲ ಟೈಲರಕ್ಕ ಅಂತಾನೇ ಕರೀತಿದ್ರು, ಗಂಡ ಇಲ್ಲ, ಇಬ್ರು ಮಕ್ಕಳು, ಮುಂದಿನ ರೂಮಲ್ಲಿ ಬ್ಲೌಸು ಚೂಡಿ ಹೊಲಿಯೋದು, ಹಿಂದೆ ಸಂಸಾರ. ತಿಂಗಳಿಗೆ 6,000 ಬಾಡಿಗೆ, 30,000 ಅಡ್ವಾನ್ಸ್, ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು. ಅದು ಮುಗಿದು ಯಾವ ಕಾಲ ಆಗಿತ್ತು, ಆದ್ರೂ ಬಾಡಿಗೆ ಕೊಡೋದು ತಗೊಳ್ಳೋದು ನಡೀತಾನೇ ಇತ್ತು. ಆಮೇಲೆ ಅಕ್ಕಂಗೆ ಆಪರೇಷನ್ ಆಗಿ ಕೆಲಸ ನಿಂತು ಬಾಡಿಗೆ ತಪ್ಪಿತು, ಒಂದು ತಿಂಗಳು ಎರಡು ತಿಂಗಳು ಅಂತ ಏಳು ತಿಂಗಳಾಯ್ತು. 42,000 ಬಾಡಿಗೆ, ಅದರ ಮೇಲೆ ಮೇಷ್ಟ್ರೇ ಬೆಸ್ಕಾಂಗೆ ಕಟ್ಟಿದ ಕರೆಂಟ್ ಬಿಲ್ 1,900, ಒಟ್ಟು 43,900.

ಮೇಷ್ಟ್ರು ಕೇಳಿ ಕೇಳಿ ಸಾಕಾಗಿದ್ರು. ಅಕ್ಕ ಮಕ್ಕಳನ್ನ ಕರ್ಕೊಂಡು ಹರಿಹರಕ್ಕೆ ತವರಿಗೆ ಹೋದಾಗ ಮುಂಬಾಗಿಲಿಗೆ ತಮ್ಮದೊಂದು ಬೀಗ ಹಾಕಿದ್ರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ರಾತ್ರಿ ಯಾರಾದ್ರೂ ಬಂದು ಸಾಮಾನು ಸಾಗಿಸ್ತಾರೆ ಅಂತ ಭಯ ಬಿದ್ದು ಹಿಂದಿನ ಬಾಗಿಲಿಂದ ಒಳಗೆ ಹೋಗಿ ಮೋಟಾರ್ ಇರೋ ಹೊಲಿಗೆ ಮಷೀನು, ಟಿವಿ ಎರಡನ್ನೂ ಮೇಲಿನ ತಮ್ಮ ರೂಮಿಗೆ ಸಾಗಿಸಿದ್ರು. ವಾಪಸ್ ಬಂದ ಅಕ್ಕಂಗೆ "ಬಾಕಿ ಚುಕ್ತಾ ಮಾಡು, ಸಾಮಾನು ತಗೊಂಡು ಹೋಗು" ಅಂದ್ರು. ಆಕೆ ಸ್ಟೇಷನ್‌ಗೆ ಹೋದ್ರು, ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದ್ರು, ಅಲ್ಲಿಂದ ಸಿಕ್ಕ ವಕೀಲರ ಕಡೆಯಿಂದ ಮೇಷ್ಟ್ರಿಗೆ ನೋಟಿಸ್ ಬಂತು. ಆ ನೋಟಿಸ್ ಹಿಡ್ಕೊಂಡು ಮೇಷ್ಟ್ರು ನನ್ನ ಹತ್ರ ಬಂದ್ರು. ಅಂದ್ರೆ ನಾನಿದ್ದಿದ್ದು ಓನರ್ ಕಡೆ.

"ನನ್ನ ಮನೆ, ನನಗೆ ಬರ್ಬೇಕಾದ ದುಡ್ಡು, ಸಾಮಾನು ಇಟ್ಕೊಳ್ದೆ ಇನ್ನೇನ್ ಮಾಡ್ಲಿ ವಕೀಲ್ರೇ, ಕರಾರಲ್ಲೇ ಬರೆದೈತಿ ನೋಡ್ರಿ" ಅಂತ ಕಾಗದ ಮುಂದಿಟ್ರು. ಹೌದು, ಬರೆದಿತ್ತು. "ಬಾಡಿಗೆ ಬಾಕಿ ಉಳಿಸಿಕೊಂಡಲ್ಲಿ ಮಾಲೀಕರು ಮನೆಗೆ ಬೀಗ ಹಾಕಿ ಸಾಮಾನುಗಳನ್ನು ವಶಕ್ಕೆ ಪಡೆಯಬಹುದು" ಅಂತ ಸ್ಪಷ್ಟವಾಗಿ ಟೈಪ್ ಆಗಿತ್ತು, ಕೆಳಗೆ ಇಬ್ಬರ ಸಹಿ. ಡಿಟಿಪಿ ಅಂಗಡಿಯ ಕಂಪ್ಯೂಟರಲ್ಲಿ ಇರೋ ಒಂದೇ ಮಾದರಿಯನ್ನ ಹೆಸರು ಬದಲಿಸಿ ಎಲ್ಲರಿಗೂ ಪ್ರಿಂಟ್ ಕೊಡ್ತಾರೆ, ಅದಕ್ಕೇ ಈ ಸಾಲು ಊರಲ್ಲಿ ಎಷ್ಟೋ ಜನರ ಕರಾರಲ್ಲಿದೆ.

ಈಗ ಕಾನೂನು ಏನು ಹೇಳುತ್ತೆ ನೋಡಿ. ಬೇರೆಯವರ ವಸ್ತುವನ್ನ ಬಾಕಿ ಬರೋ ತನಕ ತಡೆದಿಟ್ಕೊಳ್ಳೋ ಹಕ್ಕು ಕೆಲವರಿಗೆ ನಿಜವಾಗ್ಲೂ ಇದೆ. ವಾಚ್ ರಿಪೇರಿಗೆ ಕೊಟ್ರೆ ರಿಪೇರಿ ಮಾಡಿದೋನು ತನ್ನ ಕೂಲಿ ಬರೋ ತನಕ ವಾಚ್ ಇಟ್ಕೊಬಹುದು, ಅದು 1872ರ ಭಾರತೀಯ ಕರಾರು ಕಾಯ್ದೆಯ ಕಲಂ 170. ಮುಂದಿನ ಕಲಂ 171ರಲ್ಲಿ ಬ್ಯಾಂಕು, ಏಜೆಂಟ್ ವ್ಯಾಪಾರಿ, ಬಂದರು ಕಟ್ಟೆಯವರು, ಹೈಕೋರ್ಟ್ ವಕೀಲರು, ಪಾಲಿಸಿ ಬ್ರೋಕರ್ ಇಷ್ಟು ಜನರ ಪಟ್ಟಿ ಇದೆ, ಅವರು ಒಟ್ಟಾರೆ ಬಾಕಿಗೆ ತಮ್ಮ ಹತ್ರ ಇರೋ ವಸ್ತು ತಡೆಹಿಡೀಬಹುದು. ಮನೆ ಓನರ್ ಎರಡರಲ್ಲೂ ಬರಲ್ಲ. ಕಾರಣ ಸರಳ, ರಿಪೇರಿಯೋನಿಗೆ ವಾಚನ್ನ ನಾವೇ ಕೈಗೆ ಕೊಟ್ಟಿರ್ತೀವಿ, ಆದ್ರೆ ಬಾಡಿಗೆದಾರರು ತಮ್ಮ ಸಾಮಾನನ್ನ ಓನರ್ ಕೈಗೆ ಯಾವತ್ತೂ ಕೊಟ್ಟಿರಲ್ಲ. ಓನರ್ ಕೊಟ್ಟಿದ್ದು ಮನೆಯ ಸ್ವಾಧೀನ, ಅದರೊಳಗೆ ಇರೋದೆಲ್ಲ ಬಾಡಿಗೆದಾರರ ವಶದಲ್ಲೇ ಇರುತ್ತೆ.

ಮೇಷ್ಟ್ರು ಒಂದು ಒಳ್ಳೆ ಪ್ರಶ್ನೆ ಕೇಳಿದ್ರು, ಹಿಂದೆ ಬಾಡಿಗೆಗೆ ಸಾಮಾನು ಜಪ್ತಿ ಮಾಡ್ತಿದ್ರಂತಲ್ಲ, ಎಲ್ಲೋ ಓದಿದ ನೆನಪು ಅಂತ. ಅದು ಸುಳ್ಳಲ್ಲ. ಇಂಗ್ಲೆಂಡಿನ ಹಳೇ ಪದ್ಧತಿಯಲ್ಲಿ ಭೂಮಾಲೀಕರು ಬಾಡಿಗೆ ಬಾಕಿಗೆ ನೇರವಾಗಿ ಸಾಮಾನು ಜಪ್ತಿ ಮಾಡಬಹುದಿತ್ತು, ಅಲ್ಲೇ ಅದನ್ನ 2014ರಲ್ಲಿ ತೆಗೆದುಹಾಕಿದ್ರು. ನಮ್ಮ ದೇಶದಲ್ಲಿ 1882ರ ಪ್ರೆಸಿಡೆನ್ಸಿ ಸ್ಮಾಲ್ ಕಾಸ್ ಕೋರ್ಟ್ ಕಾಯ್ದೆಯಲ್ಲಿ ಅಂಥದ್ದೊಂದು ಅಧ್ಯಾಯ ಇದೆ, ಆದ್ರೆ ಅದು ಕಲ್ಕತ್ತಾ, ಮದ್ರಾಸ್, ಬಾಂಬೆ ಪಟ್ಟಣಗಳಿಗೆ ಮಾಡಿದ್ದು, ಅಲ್ಲೂ ಓನರ್ ತಾನೇ ಹೋಗಿ ಎತ್ಕೊಂಡು ಬರೋ ಹಂಗಿರಲಿಲ್ಲ, ಕೋರ್ಟಿಗೆ ಅರ್ಜಿ ಹಾಕಿ ವಾರಂಟ್ ತಗೊಂಡು ಕೋರ್ಟಿನ ಸಿಬ್ಬಂದಿ ಜಪ್ತಿ ಮಾಡಬೇಕಿತ್ತು. ದಾವಣಗೆರೆಗೆ ಆ ಅಧ್ಯಾಯ ಅನ್ವಯ ಆಗೋದೇ ಇಲ್ಲ.

ಇನ್ನು ಕರಾರಿನ ಆ ಸಾಲು. ಸಹಿ ಹಾಕಿದಾರೆ ಅಂದ್ಮೇಲೆ ನಡೀಬೇಕಲ್ಲ ಅಂತ ಎಲ್ಲರಿಗೂ ಅನ್ಸುತ್ತೆ. ಗಿರವಿ ಆಗ್ಬೇಕು ಅಂದ್ರೆ ವಸ್ತುವನ್ನ ಕೈಗೆ ಒಪ್ಪಿಸಿರ್ಬೇಕು, ಇಲ್ಲಿ ಒಪ್ಪಿಸಿಲ್ಲ, ಯಾವ ವಸ್ತು ಅಂತಾನೂ ಕರಾರಲ್ಲಿ ಇಲ್ಲ. ಮತ್ತೆ ಮನೆಯೊಳಗೆ ಇರೋರನ್ನ ಹೊರಗೆ ಹಾಕ್ಬೇಕು ಅಂದ್ರೆ ಕಾನೂನಿನ ದಾರಿಯಲ್ಲೇ ಆಗ್ಬೇಕು ಅನ್ನೋದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿರೋ ಮಾತು. 1989ರ ಕೃಷ್ಣ ರಾಮ್ ಮಹಾಲೆ ಪ್ರಕರಣದಲ್ಲಿ, ಸ್ವಾಧೀನದಲ್ಲಿ ಇರೋರಿಗೆ ಅಲ್ಲಿರೋ ಹಕ್ಕೇ ಇಲ್ಲ ಅಂತ ಇಟ್ಕೊಂಡ್ರೂ ಮಾಲೀಕ ತಾನೇ ಹೊರಗೆ ಹಾಕೋ ಹಂಗಿಲ್ಲ ಅಂತ ಹೇಳಿದ್ರು. ನಮ್ಮ ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ 2003ರಲ್ಲಿ ಅದನ್ನೇ ಇನ್ನೂ ಬಿಡಿಸಿ ಹೇಳಿದ್ರು. ಕರಾರಿನ ಒಂದು ಸಾಲು ತೋರ್ಸಿ ಇದನ್ನ ದಾಟೋಕಾಗಲ್ಲ.

ಮೇಷ್ಟ್ರಿಗೆ ನಿಜವಾಗ್ಲೂ ತಟ್ಟಿದ್ದು ಇನ್ನೊಂದು ವಿಷಯ. ನಾನು ಕೇಳಿದೆ, ಮೇಷ್ಟ್ರೇ, ನೀವು ಕೋರ್ಟಿಗೆ ಹೋಗಿ ಕೇಸ್ ಗೆದ್ದು ಡಿಕ್ರಿ ತಗೊಂಡ್ರಿ ಅಂತ ಇಟ್ಕೊಳ್ಳಿ, ಆಗ ಕೋರ್ಟ್ ಅಮೀನರು ಆ ಮನೆಯಿಂದ ಏನೇನು ಜಪ್ತಿ ಮಾಡಬಹುದು ಅಂದ್ಕೊಂಡಿದೀರಿ? ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರಲ್ಲಿ ಜಪ್ತಿ ಮಾಡಬಾರದ್ದರ ಪಟ್ಟಿ ಇದೆ. ಉಟ್ಟು ತೊಡೋ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿ ಪ್ರಕಾರ ಹೆಂಗಸರು ಮೈಮೇಲಿಂದ ತೆಗೀಬಾರದ ಒಡವೆ, ಕುಶಲಕರ್ಮಿಯ ಕೆಲಸದ ಸಲಕರಣೆ. ಹೊಲಿಗೆ ಕೆಲಸದವರಿಗೆ ಮಷೀನೇ ಸಲಕರಣೆ, ಅವರ ವಕೀಲರು ಮೊದಲು ಎತ್ತೋ ವಾದಾನೇ ಇದು. ಅಂದ್ರೆ ಗೆದ್ದ ಮೇಲೂ ಕೋರ್ಟು ಮುಟ್ಟಕ್ಕೆ ಹಿಂಜರಿಯೋ ವಸ್ತುವನ್ನ ಮೇಷ್ಟ್ರು ಕೇಸೇ ಹಾಕ್ದೆ ಮೇಲಿನ ರೂಮಲ್ಲಿ ಇಟ್ಕೊಂಡಿದ್ರು. ಅದೂ ಅಲ್ದೆ ಆಕೆ ಬಾಕಿ ತೀರಿಸ್ಬೇಕು ಅಂದ್ರೆ ಇದ್ದ ಒಂದೇ ದಾರಿ ಆ ಮಷೀನು.

ಒಳಗೆ ಇನ್ನೂ ಏನೇನಿತ್ತು ಅನ್ನೋದು ನೋಟಿಸ್ ಜೊತೆ ಬಂದ ಪಟ್ಟಿಯಲ್ಲಿತ್ತು. ಟೈಲರ್ ಮನೆ ಅಂದ್ರೆ ಗಿರಾಕಿಗಳ ಬಟ್ಟೆ ಇರುತ್ತೆ. ಗೋಡೆಯ ಶೆಲ್ಫಲ್ಲಿ ಬ್ಲೌಸ್ ಪೀಸುಗಳ ಗಂಟು, ಪ್ರತಿ ಗಂಟಿಗೂ ಅಳತೆ ಬ್ಲೌಸ್ ಒಂದು, ಅದಕ್ಕೆ ಪಿನ್ ಹಾಕಿದ ಚೀಟಿ, ಚೀಟಿಯಲ್ಲಿ ಗಿರಾಕಿ ಹೆಸರು, ಫೋನ್ ನಂಬರು, ಕೊಡೋ ದಿನ. ಮದುವೆ ಸೀಸನ್ ಬೇರೆ, ಒಬ್ಬ ಹುಡುಗಿಯ ಧಾರೆ ಸೀರೆಯ ಬ್ಲೌಸ್ ಒಳಗೇ ಉಳಿದಿತ್ತು, ಆ ಹುಡುಗಿ ತಾಯಿ ದಿನಾ ಬಂದು ಗೇಟಿನ ಹತ್ರ ನಿಲ್ತಿದ್ರಂತೆ. ಆ ಬಟ್ಟೆ ಮೇಷ್ಟ್ರಿಗೆ ಒಂದು ರೂಪಾಯಿ ಬಾಕಿ ಇಲ್ಲದೇ ಇರೋರದ್ದು. ಮಷೀನ್ ಮೇಲೆ ಬ್ಯಾಂಕ್ ಸಾಲ ಇತ್ತು, ಅಂದ್ರೆ ಮಷೀನ್ ಮೇಲೆ ಬ್ಯಾಂಕಿನ ಹಕ್ಕೂ ಇದೆ. ಟಿವಿ ಅಕ್ಕನ ತಮ್ಮ ಕೊಡಿಸಿದ್ದು, ಬಿಲ್ ಅವನ ಹೆಸರಲ್ಲಿ. ಮಕ್ಕಳ ಮಾರ್ಕ್ಸ್ ಕಾರ್ಡ್, ಆಸ್ಪತ್ರೆ ಫೈಲು, ಮಾತ್ರೆ ಎಲ್ಲ ಒಳಗೆ. ಬಾಡಿಗೆ ಮನೆಯೊಳಗೆ ಕಾಣೋದೆಲ್ಲ ಬಾಡಿಗೆದಾರರದ್ದೇ ಅಂತ ಲೆಕ್ಕ ಹಾಕೋಕೆ ಬರಲ್ಲ, ಬಾಕಿಗೆ ಅಂತ ಹಿಡಿದಿದ್ರಲ್ಲಿ ಅರ್ಧ ಬೇರೆಯವರ ಆಸ್ತಿ ಆಗಿರುತ್ತೆ.

ಈಗ ಕ್ರಿಮಿನಲ್ ಕಡೆ ಬರೋಣ, ಯಾಕಂದ್ರೆ ಮೇಷ್ಟ್ರು ಮಾಡಿದ ಎರಡು ಕೆಲಸಕ್ಕೂ ಇಲ್ಲಿ ವ್ಯತ್ಯಾಸ ಇದೆ. ಬರೀ ಬೀಗ ಹಾಕಿದ್ದು ಒಂದು, ಅದು ಆಕೆ ತನ್ನ ಮನೆಗೆ ಹೋಗೋದನ್ನ ತಡೆದಿದ್ದು, ಅಕ್ರಮ ತಡೆ ಅಂತ ಆಗಬಹುದು. ಒಳಗೆ ಹೋಗಿ ಮಷೀನು ಟಿವಿ ಎತ್ಕೊಂಡು ಬಂದಿದ್ದು ಇನ್ನೊಂದು, ಅದಕ್ಕೆ ಮನೆ ಅತಿಕ್ರಮ ಪ್ರವೇಶ, ಕಳ್ಳತನ ಎರಡೂ ಸೇರ್ಕೊಳ್ಳುತ್ತೆ. ಕಳ್ಳತನ ಅಂದ ತಕ್ಷಣ ಮೇಷ್ಟ್ರು ಮುಖ ಬಿಳುಚಿಕೊಂಡ್ರು. "ನಾನೇನ್ ಮಾರ್ಕೊಂಡಿಲ್ಲ, ದುಡ್ಡು ಕೊಟ್ಟ ದಿನ ವಾಪಸ್ ಕೊಡ್ತೀನಿ ಅಂದೀನಲ್ಲ" ಅಂದ್ರು. ಕಾನೂನಲ್ಲಿ ಕಳ್ಳತನಕ್ಕೆ ಮಾರೋದು, ಶಾಶ್ವತವಾಗಿ ಇಟ್ಕೊಳ್ಳೋದು ಬೇಕಾಗಿಲ್ಲ. ಒಬ್ಬರ ವಶದಲ್ಲಿರೋ ವಸ್ತುವನ್ನ ಒಪ್ಪಿಗೆ ಇಲ್ದೆ, ಅವರಿಗೆ ಅನ್ಯಾಯವಾಗಿ ನಷ್ಟ ಆಗ್ಲಿ ಅನ್ನೋ ಉದ್ದೇಶದಿಂದ ಜಾಗ ಬದಲಿಸಿದ್ರೆ ಸಾಕು. ಸಾಲಗಾರನಿಂದ ಬಾಕಿ ಎಳೆಯೋಕೆ ಅಂತ ಅವನ ವಸ್ತು ಎತ್ಕೊಂಡು ಹೋಗೋದೂ ಕಳ್ಳತನವೇ ಅಂತ ಕಲ್ಕತ್ತಾ ಹೈಕೋರ್ಟಿನ ಪೂರ್ಣಪೀಠ 1895ರಲ್ಲೇ ಶ್ರೀಚರಣ್ ಚಂಗೋ ಪ್ರಕರಣದಲ್ಲಿ ಹೇಳಿದೆ, ಅದನ್ನ ಇವತ್ತಿಗೂ ವಕೀಲರು ಮುಂದಿಡ್ತಾರೆ. ಈಗ ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಳ್ಳತನ ಅದರಲ್ಲಿ ಕಲಂ 303, ವ್ಯಾಖ್ಯೆ ಅದೇ ಇದೆ. ನನಗೆ ಹಕ್ಕಿದೆ ಅಂತ ಪ್ರಾಮಾಣಿಕವಾಗಿ ನಂಬಿದ್ದೆ ಅನ್ನೋದು ಒಂದು ಡಿಫೆನ್ಸ್, ಕರಾರಿನ ಆ ಸಾಲು ತೋರ್ಸಿ ಹಂಗೆ ವಾದ ಮಾಡಬಹುದು, ಆದ್ರೆ ವಕೀಲರ ನೋಟಿಸ್ ಕೈಗೆ ಬಂದ ಮೇಲೂ ಸಾಮಾನು ಇಟ್ಕೊಂಡ್ರೆ ಗೊತ್ತಿರಲಿಲ್ಲ ಅನ್ನೋ ಮಾತು ನಿಲ್ಲಲ್ಲ.

ಸ್ಟೇಷನ್‌ನಲ್ಲಿ ಏನಾಯ್ತು ಅನ್ನೋದನ್ನೂ ಹೇಳ್ಬೇಕು. ಅಕ್ಕ ಮೊದಲು ಕೊಟ್ಟ ಅರ್ಜಿಯಲ್ಲಿ "ಬಾಡಿಗೆ ವಿಚಾರದಲ್ಲಿ ಓನರ್ ತೊಂದರೆ ಕೊಡ್ತಿದಾರೆ" ಅಂತ ಇತ್ತು, ಇದು ಸಿವಿಲ್ ಸ್ವರೂಪದ್ದು, ಕೋರ್ಟಲ್ಲಿ ಬಗೆಹರಿಸ್ಕೊಳ್ಳಿ ಅಂತ ಹಿಂಬರಹ ಕೊಟ್ಟು ಕಳಿಸಿದ್ರು. ಬಾಡಿಗೆ ಬಾಕಿ ಸಿವಿಲ್ ಅನ್ನೋದು ಸರಿ, ಪೊಲೀಸರು ಓನರ್ ಪರವಾಗಿ ಬಾಡಿಗೆ ವಸೂಲಿ ಮಾಡೋ ಹಂಗೂ ಇಲ್ಲ. ಆದ್ರೆ ಮನೆಯೊಳಗೆ ನುಗ್ಗಿ ಮಷೀನ್ ಎತ್ತಿದ್ದು ಸಿವಿಲ್ ಅಲ್ಲ. ಎರಡನೇ ಸಲ ವಕೀಲರು ಬರೆಸಿದ ದೂರಲ್ಲಿ ಬಾಡಿಗೆ ಮಾತು ಒಂದೇ ಸಾಲು, ಉಳಿದಿದ್ದೆಲ್ಲ ಯಾವ ದಿನ, ಯಾವ ಬಾಗಿಲಿಂದ, ಯಾವ ಕಂಪನಿಯ ಮಷೀನು, ಬಿಲ್ ಎಲ್ಲಿದೆ, ನೋಡಿದವರು ಯಾರು ಅನ್ನೋದು. ಅಂಥ ದೂರನ್ನ ಸಿವಿಲ್ ಅಂತ ಪಕ್ಕಕ್ಕಿಡೋದು ಕಷ್ಟ, ಸ್ಟೇಷನ್‌ನಲ್ಲಿ ತಗೊಳ್ಳಿಲ್ಲ ಅಂದ್ರೆ ಎಸ್‌ಪಿಗೆ ಬರವಣಿಗೆಯಲ್ಲಿ ಕಳಿಸಬಹುದು, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ ಹೋಗಬಹುದು. ಎಫ್‌ಐಆರ್ ಆಗೋದಕ್ಕಿಂತ ಮುಂಚೆ ಪಿಎಸ್ಐ ಮೇಷ್ಟ್ರಿಗೆ ಫೋನ್ ಮಾಡಿ ವಿಚಾರಿಸಿದ್ರು, ಮೇಷ್ಟ್ರು ನನ್ನ ಹತ್ರ ಓಡಿ ಬಂದಿದ್ದು ಆ ಫೋನ್ ಬಂದ ಸಂಜೆ.

ಸಿವಿಲ್ ಕಡೆಯೂ ಅಕ್ಕಂಗೆ ಗಟ್ಟಿ ದಾರಿ ಇತ್ತು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಕಲಂ 6 ಪ್ರಕಾರ, ಒಪ್ಪಿಗೆ ಇಲ್ದೆ, ಕಾನೂನು ಕ್ರಮ ಬಿಟ್ಟು ಹೊರಗೆ ಹಾಕಿಸ್ಕೊಂಡೋರು ಆರು ತಿಂಗಳೊಳಗೆ ದಾವೆ ಹಾಕಿದ್ರೆ ಸ್ವಾಧೀನ ವಾಪಸ್ ಪಡೀಬಹುದು, ಮನೆ ಯಾರದ್ದು ಅನ್ನೋ ಪ್ರಶ್ನೆ ಅಲ್ಲಿ ಬರೋದೇ ಇಲ್ಲ, ಆ ಡಿಕ್ರಿ ಮೇಲೆ ಅಪೀಲೂ ಇಲ್ಲ. ಕಲಂ 7 ಮತ್ತು 8 ಪ್ರಕಾರ ವಸ್ತುಗಳನ್ನೇ ವಾಪಸ್ ಕೊಡಿ ಅಂತ ಕೇಳಬಹುದು. ಜೊತೆಗೆ ಬೀಗ ತೆಗೆಯೋಕೆ ಮಧ್ಯಂತರ ಆದೇಶ, ನಿಂತುಹೋದ ದುಡಿಮೆಗೆ ನಷ್ಟ ಪರಿಹಾರ. ಬೀಗ ಬಿದ್ದ ದಿನದಿಂದ ಬಾಡಿಗೆ ಕೇಳೋಕೂ ಓನರಿಗೆ ಬರಲ್ಲ, ಮನೆ ಕಿತ್ಕೊಂಡ ಮೇಲೆ ಯಾವ ಬಾಡಿಗೆ?

ಇಷ್ಟೆಲ್ಲ ಹೇಳಿದ ಮೇಲೆ ಮೇಷ್ಟ್ರಿಗೆ ನಾನು ಹೇಳಿದ ಮೊದಲನೇ ಕೆಲಸ ಬೀಗ ತೆಗೆಯೋದು, ಅದೂ ಸುಮ್ನೆ ಹೋಗಿ ತೆಗೆಯೋದಲ್ಲ. ಬೀಗ ಹಾಕಿದೋರ ಮೇಲೆ ಒಂದು ದೊಡ್ಡ ಅಪಾಯ ಇರುತ್ತೆ, ಒಳಗೆ ಎರಡು ತೊಲ ಬಂಗಾರ ಇತ್ತು, ಬೀರುವಿನಲ್ಲಿ ಇಪ್ಪತ್ತು ಸಾವಿರ ಇತ್ತು ಅಂತ ನಾಳೆ ಯಾರಾದ್ರೂ ಹೇಳಿದ್ರೆ ಇರಲಿಲ್ಲ ಅಂತ ತೋರಿಸೋದು ಹೆಂಗೆ? ಕೀಲಿ ಇದ್ದಿದ್ದು ಇವರ ಹತ್ರ. ಅದಕ್ಕೇ ಎರಡೂ ಕಡೆ ವಕೀಲರು, ಆ ಬೀದಿಯ ಇಬ್ರು ಹಿರಿಯರು, ಅಕ್ಕನ ತಮ್ಮ ಎಲ್ಲರ ಎದುರು ಬೀಗ ತೆಗೆದು, ಬಾಗಿಲು ತೆರೆಯೋದರಿಂದ ಹಿಡಿದು ಮೊಬೈಲಲ್ಲಿ ವಿಡಿಯೋ ಮಾಡಿಸಿ, ರೂಮ್ ರೂಮ್ ಪ್ರಕಾರ ಪಟ್ಟಿ ಬರೆದ್ವಿ. ಬೀರು ಅಕ್ಕನೇ ತೆಗೆದು ನೋಡಿದ್ರು. ಮಷೀನು, ಟಿವಿ ಕೆಳಗೆ ಇಳಿಸಿ ಅವರ ಎದುರೇ ಆನ್ ಮಾಡಿ ತೋರಿಸಿದ್ವಿ, ಮಷೀನಿನ ಬೆಲ್ಟ್ ಕಳಚಿಹೋಗಿತ್ತು ಅದನ್ನೂ ಪಟ್ಟಿಯಲ್ಲಿ ಬರೆದು ಮೇಷ್ಟ್ರೇ ಸರಿ ಮಾಡಿಸಿಕೊಟ್ರು. ಕೊನೆಗೆ ಎಲ್ಲ ಸರಿ ಇದೆ ಅಂತ ಪ್ರತಿ ಪುಟಕ್ಕೂ ಸಹಿ. ಬ್ಲೌಸ್ ಗಂಟುಗಳನ್ನ ಎಣಿಸುವಾಗ ಚೀಟಿ ನೋಡಿ ನೋಡಿ ಹೆಸರು ಬರೆಯೋಕೆ ಬಹಳ ಹೊತ್ತು ಹಿಡೀತು, ಆದ್ರೆ ಅದನ್ನ ಬಿಡೋ ಹಂಗಿರಲಿಲ್ಲ.

ಬೀಗ ತೆಗೆದ ಮೇಲೆ ಮೇಷ್ಟ್ರ ದುಡ್ಡಿನ ಪ್ರಶ್ನೆ ಹಂಗೇ ಇತ್ತು. ಅವರ ಸಿಟ್ಟಲ್ಲಿ ನ್ಯಾಯ ಇತ್ತು, ಪೆನ್ಷನ್ ಜೊತೆ ಆ ಬಾಡಿಗೆ ಸೇರಿದ್ರೇನೇ ಮನೆಯವರ ಔಷಧಿ ಖರ್ಚು ತೂಗ್ತಿತ್ತು. ಹಾಗಾಗಿ ಅವರು ಮೊದಲೇ ಏನು ಮಾಡಬಹುದಿತ್ತು, ಈಗ ಏನು ಮಾಡಬಹುದು ಅಂತ ಕೂತು ಲೆಕ್ಕ ಹಾಕಿದ್ವಿ.

ಮೊದಲು ಅಡ್ವಾನ್ಸ್. 30,000 ಮೇಷ್ಟ್ರ ಕೈಯಲ್ಲೇ ಇತ್ತು. 43,900ರಲ್ಲಿ ಅದನ್ನ ಕಳೆದ್ರೆ ಬರಬೇಕಾಗಿದ್ದು 13,900 ಮಾತ್ರ. ಇಷ್ಟಕ್ಕೆ ಅವರು ಕ್ರಿಮಿನಲ್ ಕೇಸಿನ ಬಾಗಿಲಲ್ಲಿ ನಿಂತಿದ್ರು. ಅಡ್ವಾನ್ಸ್ ಇರೋದೇ ಇಂಥ ಹೊತ್ತಿಗೆ, ಐದು ತಿಂಗಳ ಬಾಡಿಗೆ ಅಡ್ವಾನ್ಸ್ ಇದ್ರೆ ಮೂರನೇ ತಿಂಗಳು ತಪ್ಪಿದಾಗಲೇ ನೋಟಿಸ್ ಕೊಡ್ಬೇಕು, ಏಳು ತಿಂಗಳು ಕಾದರೆ ಅಡ್ವಾನ್ಸ್ ಕರಗಿ ಕೈಯಿಂದ ಹೋಗುತ್ತೆ. ಓನರ್‌ಗಳು ಮುಲಾಜಿಗೆ ಕಾಯ್ತಾರೆ, ಆಮೇಲೆ ತಾಳ್ಮೆ ತಪ್ಪಿದ ದಿನ ಬೀಗ ಹಾಕ್ತಾರೆ, ನಾನು ನೋಡಿರೋ ಪ್ರಕರಣಗಳಲ್ಲಿ ಇದೇ ಹೆಚ್ಚು.

ನೋಟಿಸ್ ಅಂದ್ರೆ ಸ್ವತ್ತು ವರ್ಗಾವಣೆ ಕಾಯ್ದೆ 1882ರ ಕಲಂ 106ರ ನೋಟಿಸ್. 11 ತಿಂಗಳ ಕರಾರು ಮುಗಿದು ಬಾಡಿಗೆ ತಗೊಳ್ತಾ ಹೋದ್ರೆ ಅದು ತಿಂಗಳಿಂದ ತಿಂಗಳಿಗೆ ನಡಿಯೋ ಬಾಡಿಗೆ ಆಗುತ್ತೆ, ಅದನ್ನ ನಿಲ್ಲಿಸೋಕೆ 15 ದಿನದ ನೋಟಿಸ್ ಸಾಕು. ಬರವಣಿಗೆಯಲ್ಲಿರ್ಬೇಕು, ಸಹಿ ಇರ್ಬೇಕು, ಅಂಚೆಯಲ್ಲಿ ಕಳಿಸಿ ತಲುಪಿದ ರಸೀದಿ ಇಟ್ಕೊಬೇಕು ಇಲ್ಲ ಕೈಗೇ ಕೊಟ್ಟು ಸಹಿ ತಗೋಬೇಕು, ಯಾವುದೂ ಆಗ್ಲಿಲ್ಲ ಅಂದ್ರೆ ಮನೆ ಬಾಗಿಲಿಗೆ ಎದ್ದು ಕಾಣೋ ಹಂಗೆ ಅಂಟಿಸಬಹುದು. ವಾಟ್ಸಾಪಲ್ಲಿ ಮನೆ ಖಾಲಿ ಮಾಡು ಅಂತ ಹಾಕಿದ್ದನ್ನೇ ನೋಟಿಸ್ ಅಂತ ನಂಬ್ಕೊಂಡು ಕೂರಬಾರದು. ನೋಟಿಸ್ ಆದ ಮೇಲೆ ಯಾವ ಶರತ್ತೂ ಹೇಳ್ದೆ ಮತ್ತೆ ಬಾಡಿಗೆ ತಗೊಂಡ್ರೆ ನೋಟಿಸ್ ಕೈಬಿಟ್ಟಿದಾರೆ ಅಂತ ಎದುರಿನವರು ವಾದ ಮಾಡ್ತಾರೆ, ಅದಕ್ಕೆ ರಸೀದಿಯಲ್ಲಿ ಹಳೇ ಬಾಕಿಗೆ ಜಮಾ, ನೋಟಿಸ್ ಹಕ್ಕು ಉಳಿಸಿಕೊಂಡು ಅಂತ ಬರೀಬೇಕು.

ಇಲ್ಲಿ ಒಂದು ಮಾತು, ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಬೇರೆ ಇದೆ, ಅದು ಬಾಡಿಗೆ ತೀರಾ ಕಮ್ಮಿ ಇರೋ ಮನೆಗಳಿಗೆ. ಅದರ ಮಿತಿ ಇರೋದು ತಿಂಗಳಿಗೆ 2,000 ಮತ್ತು 3,500ರ ಲೆಕ್ಕದಲ್ಲಿ, ಹಾಗಾಗಿ 6,000ದ ಈ ಮನೆಗೆ ಅದು ಬರಲ್ಲ. ಆ ಕಾಯ್ದೆಗೆ ಬರೋ ಹಳೇ ಮನೆ ಆಗಿದ್ರೆ ಬಾಕಿ ಕೇಳಿ ನೋಟಿಸ್ ಕೊಟ್ಟು ಎರಡು ತಿಂಗಳು ಟೈಮ್ ಕೊಡ್ಬೇಕು, ಆಗ್ಲೂ ಕಟ್ಟದೇ ಇದ್ರೆ ತೆರವಿಗೆ ಕೋರ್ಟಿಗೆ ಹೋಗ್ಬೇಕು. ಎರಡರಲ್ಲೂ ಸಾಮಾನು ಹಿಡಿಯೋ ಹಕ್ಕಿಲ್ಲ, ನೀರು ಕರೆಂಟ್ ಕಟ್ ಮಾಡಿ ಓಡಿಸೋ ಹಕ್ಕೂ ಇಲ್ಲ.

ನೋಟಿಸ್ ಅವಧಿ ಮುಗಿದ ಮೇಲೆ ಒಂದೇ ದಾವೆಯಲ್ಲಿ ಮನೆ ತೆರವು, ಬಾಡಿಗೆ ಬಾಕಿ, ಖಾಲಿ ಮಾಡೋ ತನಕದ ನಷ್ಟ ಮೂರನ್ನೂ ಕೇಳಬಹುದು. ತೆರವಿಗೆ ಕೋರ್ಟ್ ಫೀ ಲೆಕ್ಕ ಹಾಕೋದು ಮನೆಯ ಬೆಲೆ ಮೇಲಲ್ಲ, ಹಿಂದಿನ ಒಂದು ವರ್ಷದ ಬಾಡಿಗೆ ಮೇಲೆ, ಇಲ್ಲಿ 72,000 ಮೇಲೆ. ಬಾಕಿ ಕೇಳೋಕೆ ಮೂರು ವರ್ಷದ ಕಾಲಮಿತಿ ಇದೆ, ಅದಕ್ಕಿಂತ ಹಳೇದು ಹೋಯ್ತು ಅಂತಾನೇ. ದಾವೆ ಮುಗಿಯೋಕೆ ಟೈಮ್ ಹಿಡಿಯುತ್ತೆ, ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ, ಓನರ್‌ಗಳು ಬೀಗದ ದಾರಿ ಹಿಡಿಯೋಕೆ ಅದೂ ಒಂದು ಕಾರಣ.

"ಅಷ್ಟರಲ್ಲಿ ಅವರು ರಾತ್ರೋರಾತ್ರಿ ಸಾಮಾನು ತುಂಬ್ಕೊಂಡು ಹೋದ್ರೆ?" ಅಂತ ಮೇಷ್ಟ್ರು ಕೇಳಿದ್ರು, ಅವರ ಮೂಲ ಭಯ ಇದೇ. ಇದಕ್ಕೂ ಕೋರ್ಟಲ್ಲಿ ದಾರಿ ಇದೆ, ತೀರ್ಪಿಗೆ ಮುಂಚಿನ ಜಪ್ತಿ, ಸಿವಿಲ್ ಪ್ರಕ್ರಿಯಾ ಸಂಹಿತೆ ಆದೇಶ 38 ನಿಯಮ 5. ಡಿಕ್ರಿ ತಪ್ಪಿಸೋಕೆ ಅಂತಾನೇ ಆಸ್ತಿ ಮಾರೋಕೋ ಊರು ದಾಟಿಸೋಕೋ ಹೊರಟಿದಾರೆ ಅಂತ ಅಫಿಡವಿಟ್ ಹಾಕಿ ತೋರಿಸ್ಬೇಕು, ಆಗ ಕೋರ್ಟು ಮೊದಲು ಭದ್ರತೆ ಕೊಡಿ ಅನ್ನುತ್ತೆ, ಕೊಡದಿದ್ರೆ ಜಪ್ತಿಗೆ ಆದೇಶ ಮಾಡುತ್ತೆ. ಬರೀ ಮನೆ ಬದಲಿಸ್ತಿದಾರೆ ಅನ್ನೋದು ಸಾಲಲ್ಲ, ಕಲಂ 60ರ ವಸ್ತುಗಳು ಇಲ್ಲೂ ಸಿಗಲ್ಲ. ಟೈಲರಕ್ಕನ ವಿಷಯದಲ್ಲಿ ಇದು ನಡೀತಿರಲಿಲ್ಲ ಅಂತ ನಾನು ನೇರವಾಗೇ ಹೇಳಿದೆ, ಆಕೆ ಎಲ್ಲೂ ಓಡೋರಲ್ಲ, ಗಿರಾಕಿಗಳೆಲ್ಲ ಅದೇ ಬೀದಿಯವರು.

ನಾವು ಹಿಡಿದಿದ್ದು ಲೋಕ ಅದಾಲತ್. ಕೇಸ್ ಹಾಕೋ ಮುಂಚೇನೇ ವ್ಯಾಜ್ಯ ಪೂರ್ವ ಅರ್ಜಿ ಅಂತ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೊಡಬಹುದು, ಕೋರ್ಟ್ ಆವರಣದಲ್ಲೇ ಅವರ ಆಫೀಸ್ ಇರುತ್ತೆ, ಕೋರ್ಟ್ ಫೀ ಇಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರು ಸಿಗ್ತಾರೆ, ಅಕ್ಕಂಗೆ ಸಿಕ್ಕಿದ್ದೂ ಹಂಗೇ, 15100ಗೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಊರ ಹಿರಿಯರು ಕೂತು ಬರೆದ ರಾಜಿ ಪತ್ರಕ್ಕೂ ಇದಕ್ಕೂ ಇರೋ ವ್ಯತ್ಯಾಸ ಏನಂದ್ರೆ ಲೋಕ ಅದಾಲತ್ತಿನ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅಪೀಲ್ ಇಲ್ಲ, ತಪ್ಪಿದ್ರೆ ಹೊಸ ದಾವೆ ಹಾಕ್ದೆ ನೇರ ಜಾರಿಗೆ ಹಾಕಬಹುದು.

ಮಾತುಕತೆಯಲ್ಲಿ ಅಕ್ಕ ಮೊದಲಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ "ಬಾಡಿಗೆ ಕೊಡಲ್ಲ ಅಂತ ನಾನು ಯಾವತ್ತೂ ಅಂದಿಲ್ಲ ಸಾರ್, ಮಷೀನ್ ಎತ್ಕೊಂಡು ಹೋದ್ರೆ ನಾ ಎಲ್ಲಿಂದ ತರ್ಲಿ" ಅಂದ್ರು. ಮೇಷ್ಟ್ರು ತಪ್ಪಾಯ್ತು ಕಣಮ್ಮ ಅಂದ್ರು. ಬರೆದಿದ್ದು ಹೀಗೆ: ಬಾಕಿ 43,900 ಅಂತ ಆಕೆ ಒಪ್ಪಿದ್ರು, ಅಡ್ವಾನ್ಸ್ 30,000 ಅದಕ್ಕೆ ಜಮಾ, ಬೀಗ ಇದ್ದ ಮೂರು ವಾರಕ್ಕೆ ಬಾಡಿಗೆ ಇಲ್ಲ, ದುಡಿಮೆ ನಷ್ಟಕ್ಕೆ ಮೇಷ್ಟ್ರು 3,900 ಬಿಟ್ರು, ಉಳಿದ 10,000ವನ್ನ ತಿಂಗಳಿಗೆ 2,500ರಂತೆ ನಾಲ್ಕು ಕಂತು. ಮನೆ ಖಾಲಿ ಮಾಡೋಕೆ ನಾಲ್ಕು ತಿಂಗಳು, ಆ ನಾಲ್ಕು ತಿಂಗಳ ಬಾಡಿಗೆ ತಿಂಗಳಾ ತಿಂಗಳಾ ಬ್ಯಾಂಕ್ ಅಕೌಂಟಿಗೆ, ಎರಡು ಕಂತು ತಪ್ಪಿದ್ರೆ ಮೇಷ್ಟ್ರು ಜಾರಿ ಅರ್ಜಿ ಹಾಕಬಹುದು. ಅಕ್ಕ ಸ್ಟೇಷನ್‌ನಲ್ಲಿ ದೂರು ಮುಂದುವರಿಸಲ್ಲ ಅಂತ ಬರೆದುಕೊಟ್ರು. ಕಂತುಗಳು ಒಂದೆರಡು ಸಲ ತಡ ಆದ್ರೂ ಬಂದವು, ಜಾರಿ ಅರ್ಜಿ ಬೇಕಾಗಲಿಲ್ಲ.

ಬಾಡಿಗೆದಾರರು ನಿಜವಾಗ್ಲೂ ಬಿಟ್ಟು ಓಡಿಹೋದ್ರೆ ಏನು ಅಂತ ಮೇಷ್ಟ್ರು ಆಮೇಲೂ ಕೇಳಿದ್ರು, ಅವರ ಸ್ನೇಹಿತರೊಬ್ಬರಿಗೆ ಹಂಗಾಗಿತ್ತು, ತಿಂಗಳುಗಟ್ಟಲೆ ಫೋನ್ ಸ್ವಿಚ್ ಆಫ್, ಒಳಗೆ ಹಳೇ ಮಂಚ, ಪಾತ್ರೆ. ಆಗ್ಲೂ ಸಾಮಾನು ಓನರದ್ದಾಗಲ್ಲ, ಗುಜರಿಗೆ ಹಾಕಿ ಬಾಡಿಗೆಗೆ ಜಮಾ ಮಾಡ್ಕೊಂಡೆ ಅಂದ್ರೆ ನಡೆಯಲ್ಲ. ಕರಾರಲ್ಲಿರೋ ಊರಿನ ವಿಳಾಸಕ್ಕೆ, ಗೊತ್ತಿರೋ ಸಂಬಂಧಿಕರ ವಿಳಾಸಕ್ಕೆ ನೋಟಿಸ್ ಕಳಿಸಿ, ಬಾಗಿಲಿಗೂ ಅಂಟಿಸಿ, ತೆರವಿನ ದಾವೆ ಹಾಕಿ, ಕೋರ್ಟಿನ ಮೂಲಕವೇ ಸ್ವಾಧೀನ ತಗೊಂಡ್ರೆ ಒಳಗಿರೋದನ್ನ ಏನು ಮಾಡ್ಬೇಕು ಅಂತಾನೂ ಅಲ್ಲೇ ಆದೇಶ ಸಿಗುತ್ತೆ. ಮಳೆ ನೀರು ನುಗ್ಗಿದೆ, ಗ್ಯಾಸ್ ವಾಸನೆ ಬರ್ತಿದೆ ಅನ್ನೋ ತುರ್ತು ಇದ್ರೆ 112ಕ್ಕೆ ತಿಳಿಸಿ, ಪಂಚರ ಎದುರು ಪಟ್ಟಿ ಮಾಡಿ ತೆಗೀಬೇಕು, ಎತ್ತಿಟ್ಟಿದ್ದನ್ನ ತನ್ನ ಸಾಮಾನಿನಷ್ಟೇ ಜೋಪಾನವಾಗಿ ನೋಡ್ಕೊಬೇಕು.

ಕೆಳಗಿನ ಮನೆಗೆ ಹೊಸಬರು ಬಂದಾಗ ಮೇಷ್ಟ್ರ ಕರಾರನ್ನ ನಾನೇ ಬರೆದೆ. ಬೀಗದ ಸಾಲು ತೆಗೆದೆ. ಅದರ ಜಾಗದಲ್ಲಿ, ಎರಡು ತಿಂಗಳ ಬಾಡಿಗೆ ತಪ್ಪಿದ್ರೆ ಅಡ್ವಾನ್ಸಿನಿಂದ ಕಳೆದು ಅಷ್ಟನ್ನ ಮತ್ತೆ ತುಂಬಿಕೊಡೋದು, ತುಂಬದಿದ್ರೆ 15 ದಿನದ ನೋಟಿಸ್, ಬಾಡಿಗೆ ಬ್ಯಾಂಕ್ ಮೂಲಕವೇ, ಕರೆಂಟ್ ಬಿಲ್ ಬಾಡಿಗೆದಾರರೇ ಬೆಸ್ಕಾಂಗೆ ನೇರ ಕಟ್ಟೋದು, ಮತ್ತೆ ಎರಡು ವಿಳಾಸ, ಒಂದು ಬಾಡಿಗೆದಾರರ ಸ್ವಂತ ಊರಿಂದು, ಇನ್ನೊಂದು ಹತ್ತಿರದ ಸಂಬಂಧಿಕರದ್ದು, ಎರಡಕ್ಕೂ ಕಳಿಸಿದ ನೋಟಿಸ್ ತಲುಪಿದಂಗೆ ಅಂತ ಒಪ್ಪಿಗೆ.